ನಿರ್ದೇಶಕರ ವರದಿ: ‘ಟಿಪ್ಪಣಿ ತಾನೇ ಸ್ಪಷ್ಟವಾಗಿದೆ’ ಎಂದರೆ ಉತ್ತರವಾಗುವುದಿಲ್ಲ

ಕಂಪನಿಯ ವಾರ್ಷಿಕ ವರದಿ ಕೈಗೆ ಬಂದಾಗ ಮೊದಲ ಪುಟಗಳಲ್ಲಿ ಒಂದು ಕಾಗದ ಇರುತ್ತದೆ. ‘ಮಾನ್ಯ ಸದಸ್ಯರೇ, ನಿಮ್ಮ ನಿರ್ದೇಶಕರು ಕಳೆದ ವರ್ಷದ ವರದಿಯನ್ನು ಸಂತೋಷದಿಂದ ಮಂಡಿಸುತ್ತಿದ್ದಾರೆ’ ಎಂದು ಅದು ಶುರುವಾಗುತ್ತದೆ. ಆ ವರ್ಷ ಕಂಪನಿ ಕೋಟಿಗಟ್ಟಲೆ ನಷ್ಟ ಮಾಡಿದ್ದರೂ ಸಂತೋಷಕ್ಕೆ ಕೊರತೆಯಿಲ್ಲ. ಹಳೆಯ ಕಡತದಿಂದ ನಕಲು ಮಾಡುವಾಗ ಆ ಪದವೂ ಜೊತೆಗೆ ಬಂದುಬಿಡುತ್ತದೆ. ಇದೇ ನಿರ್ದೇಶಕರ ವರದಿ. ಕಾನೂನಿನ ಭಾಷೆಯಲ್ಲಿ ಮಂಡಳಿಯ ವರದಿ. ಕಂಪನಿಯನ್ನು ನಡೆಸುವವರು ಅದರ ಒಡೆಯರಾದ ಷೇರುದಾರರಿಗೆ ವರ್ಷಕ್ಕೊಮ್ಮೆ ಬರೆಯಲೇಬೇಕಾದ ಪತ್ರ ಇದು.

ಈ ಪತ್ರದಲ್ಲಿ ಏನೇನಿರಬೇಕು ಎನ್ನುವುದನ್ನು ನಿರ್ದೇಶಕರ ಇಷ್ಟಕ್ಕೆ ಬಿಟ್ಟಿಲ್ಲ. 2013ರ ಕಂಪನಿ ಕಾಯ್ದೆಯ 134ನೇ ಸೆಕ್ಷನ್ನು ಉದ್ದನೆಯ ಪಟ್ಟಿ ಕೊಟ್ಟಿದೆ. ಕಂಪನಿಯ ಸ್ಥಿತಿಗತಿ, ಎಷ್ಟು ಲಾಭಾಂಶ ಕೊಡಬೇಕೆಂಬ ಶಿಫಾರಸು, ಮೀಸಲು ನಿಧಿಗೆ ಹೋಗುವ ಹಣ, ಮಂಡಳಿ ಎಷ್ಟು ಸಲ ಸೇರಿತು, ನಿರ್ದೇಶಕರ ನಂಟಿನವರ ಜೊತೆ ಮಾಡಿಕೊಂಡ ವ್ಯವಹಾರಗಳು, ಕೊಟ್ಟ ಸಾಲ ಮತ್ತು ಜಾಮೀನು, ವಿದ್ಯುತ್ ಉಳಿತಾಯ, ವಿದೇಶಿ ವಿನಿಮಯ ಹೀಗೆ ಅದು ಸಾಗುತ್ತದೆ. ನಿಯಮಗಳು ಇನ್ನಷ್ಟು ಸೇರಿಸುತ್ತಲೇ ಇವೆ. 2025ರ ಜುಲೈ 14ರಿಂದ ಲೈಂಗಿಕ ಕಿರುಕುಳದ ದೂರುಗಳು ಎಷ್ಟು ಬಂದವು, ಎಷ್ಟು ಇತ್ಯರ್ಥವಾದವು, 90 ದಿನ ಮೀರಿ ಎಷ್ಟು ಉಳಿದಿವೆ ಎಂಬ ಸಂಖ್ಯೆಯನ್ನೂ ಬರೆಯಬೇಕು. ಇವುಗಳಲ್ಲಿ ಬಹುಪಾಲು ಕಂಪನಿ ಕಾರ್ಯದರ್ಶಿಯ ಕಡತದಿಂದ ನೇರವಾಗಿ ತುಂಬುವಂಥವು. ಕುತೂಹಲವಿದ್ದವರು ಓದಬೇಕಾದ ಜಾಗ ಬೇರೆಯದು: ಲೆಕ್ಕಪರಿಶೋಧಕರ ತಕರಾರಿಗೆ ಮಂಡಳಿ ಕೊಡುವ ಉತ್ತರ.

ಆಡಿಟರ್ ತನ್ನ ವರದಿಯಲ್ಲಿ ತಕರಾರು ತೆಗೆಯುವುದು ಮುಖ್ಯವಾಗಿ ಮೂರು ಬಗೆಯಲ್ಲಿ. ‘ಇದೊಂದನ್ನು ಹೊರತುಪಡಿಸಿ ಉಳಿದ ಲೆಕ್ಕ ಸರಿಯಿದೆ’ ಎನ್ನುವುದು ಸೌಮ್ಯವಾದದ್ದು. ‘ಈ ಲೆಕ್ಕ ಕಂಪನಿಯ ನಿಜಸ್ಥಿತಿಯನ್ನೇ ತೋರಿಸುತ್ತಿಲ್ಲ’ ಎನ್ನುವುದು ಕಠಿಣವಾದದ್ದು. ಮೂರನೆಯದು ‘ಸಾಕಷ್ಟು ಪುರಾವೆ ಸಿಗದ್ದರಿಂದ ನಾನು ಅಭಿಪ್ರಾಯವನ್ನೇ ಹೇಳಲಾರೆ’ ಎನ್ನುವುದು. ಯಾವುದೇ ಇರಲಿ, ಅಂಥ ಪ್ರತಿಯೊಂದು ಮಾತಿಗೂ ಮಂಡಳಿ ವಿವರಣೆ ಅಥವಾ ಅಭಿಪ್ರಾಯ ಕೊಡಬೇಕು ಎನ್ನುತ್ತದೆ ಕಾಯ್ದೆ. ‘ಪ್ರತಿಯೊಂದು’ ಎಂಬ ಪದ ಕಾಯ್ದೆಯಲ್ಲೇ ಇದೆ.

ಒಂದು ಕಾಲ್ಪನಿಕ ಕಂಪನಿಯನ್ನು ಇಟ್ಟುಕೊಂಡು ನೋಡೋಣ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಖಾಸಗಿ ಕಂಪನಿ, ಹನ್ನೆರಡು ಮಂದಿ ಷೇರುದಾರರು. ಮಾರ್ಚ್ 31ಕ್ಕೆ ಮುಗಿದ ವರ್ಷದಲ್ಲಿ ತೆರಿಗೆಗೆ ಮುಂಚಿನ ಲಾಭ 1.10 ಕೋಟಿ ರೂಪಾಯಿ. ಮಂಡಳಿ 40 ಲಕ್ಷ ಲಾಭಾಂಶ ಶಿಫಾರಸು ಮಾಡಿದೆ. ಎಲ್ಲರಿಗೂ ಖುಷಿ. ಆದರೆ ಆಡಿಟರ್ ಬರೆದಿದ್ದಾರೆ: ಒಬ್ಬ ಗಿರಾಕಿಯಿಂದ 80 ಲಕ್ಷ ಬರಬೇಕಿದೆ, ಎರಡು ವರ್ಷದಿಂದ ಬಂದಿಲ್ಲ, ಅದು ಮುಳುಗಬಹುದೆಂದು ಲೆಕ್ಕದಲ್ಲಿ ಏನನ್ನೂ ತೆಗೆದಿಟ್ಟಿಲ್ಲ, ತೆಗೆದಿಟ್ಟಿದ್ದರೆ ಲಾಭ 30 ಲಕ್ಷಕ್ಕೆ ಇಳಿಯುತ್ತಿತ್ತು. ಅಂದರೆ ಹಂಚಲು ಹೊರಟಿರುವ ಲಾಭಾಂಶವೇ ಆ ವರ್ಷದ ನಿಜವಾದ ಗಳಿಕೆಗಿಂತ ಹೆಚ್ಚಾಗಬಹುದು. ಹಿಂದಿನ ವರ್ಷಗಳ ಉಳಿಕೆ ಲಾಭವಿದ್ದರೆ ಅದರಿಂದ ಕೊಡಲು ಕಾನೂನಿನಲ್ಲಿ ದಾರಿಯಿದೆ, ಆ ಮಾತು ಬೇರೆ. ಸದಸ್ಯನಿಗೆ ಬೇಕಾದದ್ದು ಒಂದೇ: ಆ 80 ಲಕ್ಷ ಬರುತ್ತದೋ ಇಲ್ಲವೋ?

ಮಂಡಳಿ ಇದಕ್ಕೆ ಬರೆಯುವ ಉತ್ತರಗಳಲ್ಲಿ ತುಂಬ ಜನಪ್ರಿಯವಾದದ್ದು ಇದು: ‘ಲೆಕ್ಕಪರಿಶೋಧಕರ ಟಿಪ್ಪಣಿ ತಾನೇ ಸ್ಪಷ್ಟವಾಗಿದ್ದು ಹೆಚ್ಚಿನ ವಿವರಣೆ ಬೇಕಿಲ್ಲ.’ ಸ್ಪಷ್ಟವಾಗಿರುವುದು ಆಡಿಟರ್ ಹೇಳಿದ ಆಪಾದನೆ. ಸ್ಪಷ್ಟವಾಗಬೇಕಿದ್ದದ್ದು ಮಂಡಳಿಯ ಸಮಜಾಯಿಷಿ. ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು ‘ಬಾಕಿ ವಸೂಲಾಗುವ ವಿಶ್ವಾಸ ಆಡಳಿತಕ್ಕಿದೆ’ ಎಂಬುದು. ವಿಶ್ವಾಸಕ್ಕೆ ಆಧಾರವೇನು ಎಂದು ಅದು ಹೇಳುವುದಿಲ್ಲ. ಉತ್ತರ ಎನ್ನಬಹುದಾದದ್ದು ಹೀಗಿರುತ್ತದೆ: ‘ಗಿರಾಕಿ 50 ಲಕ್ಷದ ಬಾಕಿಯನ್ನು ಲಿಖಿತವಾಗಿ ಒಪ್ಪಿದ್ದಾರೆ. ಉಳಿದ 30 ಲಕ್ಷ ಗುಣಮಟ್ಟದ ತಕರಾರಿನಲ್ಲಿದ್ದು ಮೊಕದ್ದಮೆ ನಡೆಯುತ್ತಿದೆ. ಏಪ್ರಿಲ್‌ನಿಂದ ಜುಲೈವರೆಗೆ 12 ಲಕ್ಷ ಬಂದಿದೆ. ಡಿಸೆಂಬರ್ ಒಳಗೆ ಪಾವತಿಯಾಗದ ಮೊತ್ತವನ್ನು ಈ ವರ್ಷದ ಲೆಕ್ಕದಲ್ಲಿ ನಷ್ಟವೆಂದು ತೋರಿಸಲು ಮಂಡಳಿ ತೀರ್ಮಾನಿಸಿದೆ.’ ಇದನ್ನು ಓದಿದ ಸದಸ್ಯ ಮಂಡಳಿಯನ್ನು ಒಪ್ಪದೇ ಇರಬಹುದು. ಆದರೆ ಸಭೆಯಲ್ಲಿ ಯಾವ ಪ್ರಶ್ನೆ ಕೇಳಬೇಕೆಂದು ಅವನಿಗೆ ಗೊತ್ತಾಗುತ್ತದೆ.

ಇದೇ ವರದಿಯೊಳಗೆ ಇನ್ನೊಂದು ಕಡೆ ನಿರ್ದೇಶಕರ ಹೊಣೆಗಾರಿಕೆ ಹೇಳಿಕೆ ಇರುತ್ತದೆ. ಲೆಕ್ಕ ತಯಾರಿಸುವಾಗ ಲೆಕ್ಕಪತ್ರ ಮಾನದಂಡಗಳನ್ನು ಪಾಲಿಸಿದ್ದೇವೆ, ದೊಡ್ಡ ಮಟ್ಟದಲ್ಲಿ ಎಲ್ಲಾದರೂ ಸರಿದಿದ್ದರೆ ಅದಕ್ಕೆ ಕಾರಣ ಕೊಟ್ಟಿದ್ದೇವೆ ಎಂದು ಅದರಲ್ಲಿ ನಿರ್ದೇಶಕರು ಒಪ್ಪಿ ಹೇಳುತ್ತಾರೆ. 2000ದ ತಿದ್ದುಪಡಿಯಲ್ಲಿ ಇದು ಕಡ್ಡಾಯವಾಯಿತು. ವರ್ಷ ವರ್ಷವೂ ಅದೇ ವಾಕ್ಯಗಳು, ಆದ್ದರಿಂದ ಯಾರೂ ಓದುವುದಿಲ್ಲ. ಆದರೆ ಆಡಿಟರ್ ‘ಮಾನದಂಡದ ಪ್ರಕಾರ ನಷ್ಟ ತೆಗೆದಿಡಬೇಕಿತ್ತು’ ಎಂದಿರುವ ವರ್ಷದಲ್ಲೂ ಈ ಹೇಳಿಕೆ ಒಂದಕ್ಷರ ಬದಲಾಗದೆ ನಿಂತಿದ್ದರೆ, ಅದನ್ನು ಬರೆದವರು ಆಡಿಟರ್ ವರದಿಯನ್ನು ಎದುರಿಗಿಟ್ಟುಕೊಂಡಿರಲಿಲ್ಲ ಎಂದೇ ಅರ್ಥ. ನಾನಂತೂ ಹಿಂದಿನಿಂದ ಓದುತ್ತೇನೆ: ಮೊದಲು ಆಡಿಟರ್ ವರದಿಯಲ್ಲಿ ‘ಹೊರತುಪಡಿಸಿ’ ಎಂಬ ಪದವಿದೆಯೇ ನೋಡಿ, ಆಮೇಲೆ ನಿರ್ದೇಶಕರ ವರದಿಗೆ ಬರುತ್ತೇನೆ.

ವರದಿಯ ಕೊನೆಯಲ್ಲಿರುವ ದಿನಾಂಕವನ್ನೂ ನೋಡಬೇಕು. ಲೆಕ್ಕ ಮಾರ್ಚ್ 31ಕ್ಕೆ ನಿಲ್ಲುತ್ತದೆ, ಆದರೆ ವರದಿಗೆ ಸಹಿ ಬೀಳುವುದು ಆಗಸ್ಟ್‌ನಲ್ಲಿರಬಹುದು. ಈ ನಡುವಿನ ತಿಂಗಳುಗಳಲ್ಲಿ ಕಂಪನಿಯ ಹಣಕಾಸು ಸ್ಥಿತಿಯನ್ನು ಗಣನೀಯವಾಗಿ ಬದಲಿಸುವಂಥದ್ದು ನಡೆದಿದ್ದರೆ ವರದಿಯಲ್ಲಿ ಹೇಳಬೇಕು. ನಮ್ಮ ಪೀಣ್ಯದ ಕಂಪನಿಯ ಗೋದಾಮಿಗೆ ಜೂನ್‌ನಲ್ಲಿ ಬೆಂಕಿ ಬಿದ್ದು ದೊಡ್ಡ ನಷ್ಟವಾಗಿದ್ದರೆ ಅದು ಇಲ್ಲಿಗೆ ಸೇರುತ್ತದೆ. ಮಾರ್ಚ್‌ನಲ್ಲಿ ಗೋದಾಮು ಚೆನ್ನಾಗಿಯೇ ಇತ್ತು, ಹಾಗಾಗಿ ಲೆಕ್ಕ ತಿದ್ದಬೇಕಿಲ್ಲ. ಆದರೆ ಅದೇ ಜೂನ್‌ನಲ್ಲಿ ಆ 80 ಲಕ್ಷದ ಗಿರಾಕಿ ದಿವಾಳಿಯಾದ ಎನ್ನಿ. ಆಗ ವರದಿಯಲ್ಲೊಂದು ಸಾಲು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಬಾಕಿ ಮಾರ್ಚ್‌ಗೆ ಮೊದಲೇ ಕೆಟ್ಟಿತ್ತು, ಜೂನ್‌ನ ದಿವಾಳಿ ಅದಕ್ಕೆ ಸಾಕ್ಷಿಯಷ್ಟೇ. ಆದ್ದರಿಂದ ಲೆಕ್ಕವನ್ನೇ ತಿದ್ದಬೇಕು. ಈ ಎರಡನ್ನು ಬೆರೆಸಿ, ಲಾಭವನ್ನು ಹಾಗೇ ಉಳಿಸಿಕೊಂಡು ಕೆಟ್ಟ ಸುದ್ದಿಯನ್ನು ವರದಿಯ ಮೂಲೆಗೆ ತಳ್ಳುವುದು ನಡೆಯುತ್ತಲೇ ಇರುವ ತಪ್ಪು.

ವರದಿಗೆ ಮಂಡಳಿ ಸಭೆಯಲ್ಲಿ ಒಪ್ಪಿಗೆ ಬೇಕು. ಮಂಡಳಿ ಅಧಿಕಾರ ಕೊಟ್ಟಿದ್ದರೆ ಅಧ್ಯಕ್ಷರು, ಇಲ್ಲವಾದರೆ ಕನಿಷ್ಠ ಇಬ್ಬರು ನಿರ್ದೇಶಕರು ಸಹಿ ಹಾಕಬೇಕು. ವ್ಯವಸ್ಥಾಪಕ ನಿರ್ದೇಶಕರಿದ್ದರೆ ಆ ಇಬ್ಬರಲ್ಲಿ ಅವರೊಬ್ಬರು. ಸಾಮಾನ್ಯವಾಗಿ ವಾರ್ಷಿಕ ಸಭೆಗೆ 21 ದಿನ ಮೊದಲೇ ಅದು ಸದಸ್ಯರ ಕೈ ಸೇರಿರಬೇಕು. ಹೇಳಬೇಕಾದದ್ದನ್ನು ಹೇಳದಿದ್ದರೆ ಕಂಪನಿಗೆ 3 ಲಕ್ಷ ರೂಪಾಯಿ, ತಪ್ಪಿತಸ್ಥ ಅಧಿಕಾರಿ ಒಬ್ಬೊಬ್ಬರಿಗೂ 50 ಸಾವಿರ ದಂಡ.

ಸಣ್ಣ ಕಂಪನಿಗಳಿಗೂ ಏಕವ್ಯಕ್ತಿ ಕಂಪನಿಗಳಿಗೂ 2018ರಿಂದ ಮೊಟಕು ಮಾಡಿದ ವರದಿ ಸಾಕು. ವಿದ್ಯುತ್ ಉಳಿತಾಯದ ವಿವರ ಅವರು ಬರೆಯಬೇಕಿಲ್ಲ. ಆದರೆ ಆಡಿಟರ್ ತಕರಾರಿಗೆ ಉತ್ತರ ಕೊಡುವ ಬಾಧ್ಯತೆಯನ್ನು ಆ ಮೊಟಕು ಪಟ್ಟಿಯೂ ಬಿಟ್ಟಿಲ್ಲ. ಒಬ್ಬನೇ ಸದಸ್ಯ, ಅವನೇ ನಿರ್ದೇಶಕ ಆಗಿರುವ ಕಂಪನಿಯಲ್ಲೂ ಆತ ತನಗೆ ತಾನೇ ಆ ಉತ್ತರ ಬರೆದುಕೊಂಡು ಸಹಿ ಹಾಕಬೇಕು.