ಮೇಲಿನ ಲೈಟು ಕೆಟ್ಟಿದೆ ಅಂದ ಹುಡುಗ

ಕೆಂಪು-ಹಸಿರು ಗೊತ್ತಾಗದ ಮಗು ಸಿಗ್ನಲ್ ಮುಂದೆ ನಿಂತರೆ ಯಾವ ಎರಡು ದೀಪಗಳಲ್ಲಿ ಗೊಂದಲ ಆಗುತ್ತದೆ? ಅಪ್ಪ-ಅಮ್ಮನನ್ನು ಕೇಳಿ, ಮೇಷ್ಟ್ರನ್ನು ಕೇಳಿ, ಎಲ್ಲರೂ ಕೆಂಪು ಮತ್ತು ಹಸಿರು ಅನ್ನುತ್ತಾರೆ. ಆದರೆ ಹೆಚ್ಚಿನ ಮಕ್ಕಳಿಗೆ ಸಿಗ್ನಲ್‌ನಲ್ಲಿ ಆ ಎರಡನ್ನು ಬೇರೆ ಮಾಡುವುದು ಅಷ್ಟು ಕಷ್ಟವಲ್ಲ. ಕಷ್ಟ ಇರುವುದು ಕೆಂಪು ಮತ್ತು ಹಳದಿಯಲ್ಲಿ. ಇನ್ನು ಕೆಲವು ಮಕ್ಕಳಿಗೆ ಕೆಂಪು ದೀಪ ಉರಿಯುತ್ತಿದೆ ಅನ್ನೋದೇ ಸರಿಯಾಗಿ ಕಾಣುವುದಿಲ್ಲ.

ಇದನ್ನು ಒಬ್ಬ ಹುಡುಗನ ಕಥೆಯಾಗಿ ಹೇಳುತ್ತೇನೆ. ತುಮಕೂರಿನ ನಮ್ಮ ಕಣ್ಣಿನ ಕ್ಲಿನಿಕ್ಕಿಗೆ ಬಂದ ಹಲವು ಮಕ್ಕಳನ್ನು ಸೇರಿಸಿ ಮಾಡಿದ ಹುಡುಗ ಇವನು. ಪುಟ್ಟು ಅನ್ನೋಣ. 5ನೇ ಕ್ಲಾಸು. ಸಂಜೆ ಟ್ಯೂಷನ್ ಮುಗಿಸಿ ಬಿ.ಎಚ್. ರಸ್ತೆಯ ಒಂದು ಸರ್ಕಲ್ ದಾಟಿ ಬಸ್ಸು ಹಿಡಿಯಬೇಕು. ಅಲ್ಲಿಯವರೆಗೆ ಅಮ್ಮ ಕೈ ಹಿಡಿದು ದಾಟಿಸುತ್ತಿದ್ದರು. ಅವತ್ತು ಮೊದಲ ಸಲ ಒಬ್ಬನೇ ಬಂದಿದ್ದ.

ಸೂರ್ಯ ಅವನ ಬೆನ್ನ ಹಿಂದೆ ಇದ್ದ. ಬಿಸಿಲು ನೇರವಾಗಿ ಸಿಗ್ನಲ್ ದೀಪಗಳ ಮುಖಕ್ಕೆ ಹೊಡೆಯುತ್ತಿತ್ತು. ಫುಟ್‌ಪಾತ್ ಅಂಚಿನಿಂದ ಕಂಬ ಸ್ವಲ್ಪ ಓರೆಯಾಗಿ ಕಾಣುತ್ತಿತ್ತು. ನೋಡಿದ, ಮೂರರಲ್ಲಿ ಒಂದೂ ಹೊತ್ತಿಲ್ಲ. ಸಿಗ್ನಲ್ ಕೆಟ್ಟಿದೆ ಅಂದುಕೊಂಡ. ನಮ್ಮೂರಲ್ಲಿ ಅದೇನು ಅಪರೂಪವೂ ಅಲ್ಲ. ಪಕ್ಕದವರು ಹೊರಟರು, ಇವನೂ ಅವರ ಹಿಂದೆ ಹೊರಟ. ಡಿವೈಡರ್‌ವರೆಗೆ ಏನೂ ಆಗಲಿಲ್ಲ. ಅಲ್ಲಿಂದ ದೊಡ್ಡವರು ಓಡಿ ದಾಟಿದರು. ಇವನು ಕಾಲಿಡುವಷ್ಟರಲ್ಲಿ ಎಡಗಡೆಯಿಂದ ತಿರುಗಿಕೊಂಡು ಒಂದು ಬೈಕು ಬಂತು. ಡಿವೈಡರ್ ಮೇಲೆ ನಿಂತಿದ್ದ ಯಾರೋ ಹಿರಿಯರು ಸ್ಕೂಲ್ ಬ್ಯಾಗು ಹಿಡಿದು ಹಿಂದಕ್ಕೆ ಎಳೆದರು. ಮೊಣಕೈ ತರಚಿತು, ಅಷ್ಟೇ.

ಮನೆಯಲ್ಲಿ ಬೈಸಿಕೊಂಡಾಗ ಅವನು ಹೇಳಿದ್ದು ಒಂದೇ ಮಾತು: "ಲೈಟೇ ಇರ್ಲಿಲ್ಲ, ಮೇಲಿಂದು ಕೆಟ್ಟಿತ್ತು." ಆದರೆ ಆ ಸಿಗ್ನಲ್ ಕೆಟ್ಟಿರಲಿಲ್ಲ ಅಂತ ಅದೇ ದಾರಿಯಲ್ಲಿ ಬರುವ ಅಪ್ಪನಿಗೆ ಗೊತ್ತಿತ್ತು. ಹಾಗಾಗಿ ಹುಡುಗ ಸುಳ್ಳು ಹೇಳುತ್ತಿದ್ದಾನೆ ಅಂತ ಇನ್ನೆರಡು ಬೈಗುಳ. ನಮ್ಮ ಹತ್ತಿರ ಕರೆತಂದದ್ದು ಅಮ್ಮ. ಅವರಿಗೆ ಮೊದಲೇ ಒಂದು ಅನುಮಾನ ಇತ್ತು.

ಪರೀಕ್ಷೆಗೆ ನಾವು ಬಳಸುವುದು ಇಶಿಹಾರ ಪುಸ್ತಕ. ಜಪಾನಿನ ಕಣ್ಣಿನ ವೈದ್ಯ ಶಿನೋಬು ಇಶಿಹಾರ 1917ರಲ್ಲಿ ತಂದದ್ದು, ಇವತ್ತಿಗೂ ನಡೆಯುತ್ತಿದೆ. ಬಣ್ಣಬಣ್ಣದ ಚುಕ್ಕಿಗಳ ನಡುವೆ ಒಂದು ಅಂಕಿ ಇರುತ್ತದೆ. ಕಿಟಕಿಯ ಹಗಲು ಬೆಳಕಿನಲ್ಲಿ, ಸುಮಾರು 75 ಸೆಂಟಿಮೀಟರ್ ದೂರದಲ್ಲಿ ಪುಸ್ತಕ ಹಿಡಿದು ಒಂದೊಂದೇ ಹಾಳೆ ತೋರಿಸಬೇಕು. ಒಂದು ಹಾಳೆಗೆ ಮೂರು ಸೆಕೆಂಡಿಗಿಂತ ಜಾಸ್ತಿ ಸಮಯ ಕೊಡಬಾರದು. ಹಳದಿ ಬಲ್ಬಿನ ಕೆಳಗೆ ತೋರಿಸಿದರೆ ಅಥವಾ ಮೊಬೈಲ್ ಪರದೆಯಲ್ಲಿ ತೋರಿಸಿದರೆ ಉತ್ತರವನ್ನು ನಂಬುವ ಹಾಗಿಲ್ಲ.

ಮೊದಲ ಹಾಳೆಯ 12 ಎಲ್ಲರಿಗೂ ಕಾಣುತ್ತದೆ. ಮಗುವಿಗೆ ಪರೀಕ್ಷೆ ಅರ್ಥವಾಗಿದೆಯೇ ಅಂತ ನೋಡಲಿಕ್ಕೆ ಅದು. ಪುಟ್ಟು ಥಟ್ಟನೆ ಹೇಳಿದ. ಮುಂದಿನದರಲ್ಲಿ 8 ಇತ್ತು, ಅವನು 3 ಅಂದ. 74 ಇದ್ದ ಕಡೆ 21 ಅಂದ. ಅಮ್ಮ ಪಕ್ಕದಲ್ಲಿ ಕೂತು "ಸರಿಯಾಗಿ ನೋಡೋ" ಅಂದರು. ಅವನು ಸರಿಯಾಗಿಯೇ ನೋಡಿದ್ದ. ಕೆಂಪು-ಹಸಿರು ಬೇರೆ ಮಾಡಲಾಗದ ಕಣ್ಣಿಗೆ ಆ ಹಾಳೆಗಳಲ್ಲಿ 3, 21 ಕಾಣುವ ಹಾಗೆಯೇ ಚುಕ್ಕಿಗಳನ್ನು ಜೋಡಿಸಿರುತ್ತಾರೆ.

ಇಲ್ಲಿಗೆ ನಿಲ್ಲಿಸಿ "ಬಣ್ಣಗುರುಡು ಇದೆ" ಅಂತ ಚೀಟಿ ಬರೆದು ಕಳಿಸುವವರು ತುಂಬಾ ಜನ. ಪುಟ್ಟು ವಿಷಯದಲ್ಲಿ ಅಷ್ಟು ಸಾಲದು. ಪುಸ್ತಕದಲ್ಲಿ ಮುಂದೆ 26, 42 ಅಂತ ಎರಡಂಕಿಯ ಹಾಳೆಗಳು ಬರುತ್ತವೆ. ಇಂಥ ಮಕ್ಕಳಿಗೆ ಅವುಗಳಲ್ಲಿ ಸಾಮಾನ್ಯವಾಗಿ ಒಂದೇ ಅಂಕಿ ಚೆನ್ನಾಗಿ ಕಾಣುತ್ತದೆ. ಪುಟ್ಟು 26ರಲ್ಲಿ 6 ಅಂದ, 42ರಲ್ಲಿ 2 ಅಂದ. ಎರಡು ಸಲವೂ ಎಡಗಡೆಯ ಅಂಕಿ ಮಾಯ. ಬಲಗಡೆಯದು ಮಾಯವಾಗಿದ್ದರೆ ಹಸಿರಿನ ಕಡೆಯ ದೋಷ. ಎಡಗಡೆಯದು ಮಾಯವಾದರೆ ಕೆಂಪಿನ ಕಡೆಯ ದೋಷ, ನಾವು ಪ್ರೋಟ್ಯಾನ್ ಅನ್ನುವುದು.

ಕಣ್ಣಿನ ಹಿಂಬದಿಯ ಪರದೆಯಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆ. ಅವನ್ನು ಕೋನ್ ಅನ್ನುತ್ತೇವೆ. ಕೆಂಪು ಬೆಳಕಿಗೆ ಹೆಚ್ಚು ಸ್ಪಂದಿಸುವುದು ಅವುಗಳಲ್ಲಿ ಒಂದು ಬಗೆ. ಹಸಿರಿನ ಕೋನ್ ದೋಷ ಇರುವವರಿಗೆ ಕೆಂಪಿನ ಕೋನ್ ಸರಿ ಇರುತ್ತದೆ. ಆದ್ದರಿಂದ ಕೆಂಪು ದೀಪ ಯಾವ ಬಣ್ಣವಾಗಿ ಕಂಡರೂ ಉರಿಯುತ್ತಿದೆ ಅನ್ನೋದು ಗೊತ್ತಾಗುತ್ತದೆ. ಪ್ರೋಟ್ಯಾನ್ ಮಕ್ಕಳಿಗೆ ಬಣ್ಣದ ಜೊತೆ ಬೆಳಕೂ ಹೋಗುತ್ತದೆ. ಕಡುಕೆಂಪು ಅವರಿಗೆ ಮಂಕು ಕಂದು, ಕೆಲವೊಮ್ಮೆ ಕಪ್ಪಿಗೆ ಹತ್ತಿರ.

ಈಗ ಆ ಸಂಜೆಯನ್ನು ಮತ್ತೆ ನೋಡಿ. ಕೆಂಪು ದೀಪ ಅವನಿಗೆ ಮೊದಲೇ ಮಂಕು. ಅದರ ಮೇಲೆ ಬಿಸಿಲು ಬಿದ್ದು ದೀಪದ ಬೆಳಕು ಇನ್ನೂ ತೆಳುವಾಗಿತ್ತು. ಮೂರನೆಯದು ಆ ಓರೆ ನೋಟ. ಎಲ್ಇಡಿ ಸಿಗ್ನಲ್ ತನ್ನ ಬೆಳಕನ್ನು ಎದುರಿಗೆ ಬರುವ ಗಾಡಿಗಳ ಕಡೆಗೆ ಚೆಲ್ಲುತ್ತದೆ, ಪಕ್ಕದಿಂದ ನೋಡಿದರೆ ನಮಗೂ ಮಂಕೇ. ಮೂರೂ ಸೇರಿ ದೀಪ ಆರಿದಂತಾಯಿತು. ಹುಡುಗ ಕಂಡದ್ದನ್ನೇ ಹೇಳಿದ್ದ.

ಹಸಿರು ದೀಪ ಏನಾಗಿ ಕಾಣುತ್ತದೆ ಅಂತ ಕೇಳಿದೆ. "ಅದಾ? ಬಿಳಿ ತರ ಇರುತ್ತೆ ಅಲ್ವಾ" ಅಂದ. ಅಮ್ಮ ಬೆಚ್ಚಿದರು. ನನಗೆ ಅದು ಒಳ್ಳೆಯ ಸುದ್ದಿ. ಸಿಗ್ನಲ್‌ನ ಹಸಿರು ನಮ್ಮ ಹುಣಸೆ ಎಲೆಯ ಹಸಿರಲ್ಲ, ಅದರಲ್ಲಿ ಬೇಕೆಂದೇ ನೀಲಿ ಬೆರೆಸಿರುತ್ತಾರೆ. ಇಂಥ ಕಣ್ಣಿಗೆ ಅದು ಬಿಳಿಯಂತೆ ಕಂಡು ಕೆಂಪಿನಿಂದ ದೂರ ಸರಿಯಲಿ ಅಂತಲೇ ಈ ಏರ್ಪಾಡು. ಹಳದಿ? "ಅದು ಕೆಂಪೇ, ಆದ್ರೆ ಜೋರು." ಆರಂಭದಲ್ಲಿ ಹೇಳಿದೆನಲ್ಲ, ತೊಡಕು ಅಲ್ಲೇ. ಮೂರೂ ದೀಪ ಕಾಣುವಾಗ ಮೇಲೆ, ನಡುವೆ, ಕೆಳಗೆ ಅಂತ ಜಾಗ ನೋಡಿ ಹೇಳಬಹುದು. ಒಂಟಿ ದೀಪವಾದರೆ ಜಾಗದ ಆಸರೆ ಇಲ್ಲ.

ಔಷಧ ಇದಕ್ಕೆ ಇಲ್ಲ. ಬಣ್ಣದ ಕನ್ನಡಕ ಕೆಲವು ಬಣ್ಣಗಳ ವ್ಯತ್ಯಾಸವನ್ನು ಎದ್ದು ಕಾಣಿಸಬಹುದು, ದೋಷ ವಾಸಿ ಮಾಡುವುದಿಲ್ಲ. ಪ್ರೋಟ್ಯಾನ್ ಮಗುವಿಗೆ ಸುಮ್ನೆ ಸ್ಟೈಲಿಗೆ ಕಪ್ಪು ಕನ್ನಡಕ ಹಾಕಿಸಿದರೆ ಕೆಂಪು ಇನ್ನೂ ಮಂಕಾಗುತ್ತದೆ.

ಹಾಗಾಗಿ ರಸ್ತೆಯಲ್ಲೇ ಅಭ್ಯಾಸ ಮಾಡಿಸಬೇಕು. ದಟ್ಟಣೆ ಕಡಿಮೆ ಇರುವ ಭಾನುವಾರ ಬೆಳಿಗ್ಗೆ ಸರ್ಕಲ್‌ಗೆ ಹೋಗಿ, ದಾಟದೆ ಸುಮ್ಮನೆ ನಿಂತು ನೋಡಿ ಅಂತ ಅಮ್ಮನಿಗೆ ಹೇಳಿದೆ. ಶಾಲೆಯಲ್ಲಿ ಕಲಿಸುವ "ಕೆಂಪಾದರೆ ನಿಲ್ಲು, ಹಸಿರಾದರೆ ಹೋಗು" ಗಾಡಿ ಓಡಿಸುವವರ ಪಾಠ. ನಡೆಯುವವರಿಗೆಂದು ನಿಂತ ಮನುಷ್ಯ, ನಡೆಯುವ ಮನುಷ್ಯನ ಚಿತ್ರ ಇರುವ ಸಿಗ್ನಲ್ ಇದ್ದರೆ ಬಣ್ಣವೇ ಬೇಡ, ಆಕಾರ ನೋಡಿದರೆ ಸಾಕು. ಅದಿಲ್ಲದ ಕಡೆ ಮಗು ನೋಡಬೇಕಾದದ್ದು ಗಾಡಿಗಳ ಸಿಗ್ನಲ್. ಅಲ್ಲಿ ಪಾಠ ತಿರುವುಮುರುವು: ಗಾಡಿಗೆ ಕೆಂಪು ಇದ್ದಾಗ ಮಗು ಹೊರಡಬೇಕು. ಈ ಮಾತು ಬಣ್ಣ ಚೆನ್ನಾಗಿ ಕಾಣುವ ಮಕ್ಕಳಿಗೂ ಯಾರೂ ಬಿಡಿಸಿ ಹೇಳಿರುವುದಿಲ್ಲ.

ನಾನು ಹೇಳಿಕೊಟ್ಟ ಕ್ರಮ ಇಷ್ಟು. ಸರ್ಕಲ್‌ಗೆ ಬಂದ ತಕ್ಷಣ ದಾಟಬಾರದು. ದೀಪ ಒಂದು ಸುತ್ತು ಪೂರ್ತಿ ತಿರುಗಲಿ. ಬಿಳಿಯಂಥದ್ದು ಕೆಳಗೆ ಹೊತ್ತು ಆರುವುದನ್ನು, ಜೋರಾದದ್ದು ನಡುವೆ ಬಂದು ಹೋಗುವುದನ್ನು ಕಣ್ಣಾರೆ ನೋಡಲಿ. ನಡುವಿನದು ಆರಿತು, ಬೇರೆ ಏನೂ ಹೊತ್ತಿದಂತೆ ಕಾಣುವುದಿಲ್ಲ ಅಂದರೆ ಪುಟ್ಟು ಪಾಲಿಗೆ ಅದೇ ಕೆಂಪು ಇರಬೇಕು. ಇರಬೇಕು, ಅಷ್ಟೇ, ನಿಜವಾಗಿ ಕರೆಂಟು ಹೋಗಿದ್ದರೂ ಹಾಗೇ ಕಾಣುತ್ತದೆ. ಸೆಕೆಂಡು ಎಣಿಸುವ ಪಟ್ಟಿ ಇದ್ದರೆ ಅದರ ಅಂಕಿ ಓಡುತ್ತಿದೆಯೇ ನೋಡಬಹುದು. ಆದರೆ ಆ ಅಂಕಿಯೂ ಕೆಂಪಾಗಿದ್ದರೆ ಬಿಸಿಲಲ್ಲಿ ಅದೂ ಕಾಣದೆ ಹೋಗಬಹುದು. ಆದ್ದರಿಂದ ಕೊನೆಯ ಸಾಕ್ಷಿ ಗಾಡಿಗಳ ಮುಂದಿನ ಚಕ್ರ. ಹತ್ತಿರದ ಸಾಲಿನದು ನಿಂತರೆ ಸಾಲದು, ಅದರ ಆಚೆಯ ಸಾಲಿನ ಚಕ್ರವೂ ನಿಂತಿರಬೇಕು. ಬಸ್ಸಿನ ಮರೆಯಿಂದ ನುಗ್ಗುವ ಸ್ಕೂಟರ್ ಅಲ್ಲೇ ಇರುತ್ತದೆ.

ಆಮೇಲೆ ಡಿವೈಡರ್. ಅವತ್ತು ಬೈಕು ಬಂದದ್ದು ಇಲ್ಲಿ, ಮತ್ತು ಇದರಲ್ಲಿ ಹುಡುಗನ ಕಣ್ಣಿನ ತಪ್ಪೇನೂ ಇರಲಿಲ್ಲ. ಮೊದಲರ್ಧದಲ್ಲಿ ಗಾಡಿಗಳು ಬಲದಿಂದ ಬರುತ್ತವೆ. ಅಂದು ಪುಟ್ಟು ನಿಂತ ಕಡೆ ಅವು ಸರ್ಕಲ್ ಕಡೆಗೆ ಹೋಗುವ ಗಾಡಿಗಳು, ಅವನು ನೋಡಿದ ಸಿಗ್ನಲ್ ಅವಕ್ಕೆ ಹೇಳಿದ್ದು. ಉಳಿದರ್ಧಕ್ಕೆ ಗಾಡಿಗಳು ಬರುವುದು ಎಡದಿಂದ, ಸರ್ಕಲ್‌ನಿಂದ ಹೊರಗೆ. ಅವು ಬೇರೆ ಬೇರೆ ರಸ್ತೆಗಳಿಂದ ತಿರುಗಿ ಬಂದವು. ಫ್ರೀ ಲೆಫ್ಟ್ ಇದ್ದರಂತೂ ಯಾವ ಕೆಂಪೂ ಅವನ್ನು ತಡೆಯುವುದಿಲ್ಲ. ಮೊದಲು ನೋಡಿದ ದೀಪ ಅಲ್ಲಿ ಏನೂ ಹೇಳುವುದಿಲ್ಲ. ಡಿವೈಡರ್ ಮೇಲೆ ಮತ್ತೆ ನಿಂತು, ಎಡಕ್ಕೆ ತಿರುಗಿ, ಇನ್ನೊಂದು ರಸ್ತೆ ದಾಟುವಂತೆ ಹೊಸದಾಗಿ ನೋಡಬೇಕು. ಮುಂದೆ ಹೋದವರ ಬೆನ್ನು ಹಿಡಿದು ಓಡಬಾರದು.

ಬಾಗಿಲ ಹತ್ತಿರ ಅಮ್ಮ ಕೇಳಿದರು, "ಇದು ಎಲ್ಲಿಂದ ಬಂತು ಡಾಕ್ಟ್ರೇ?" ಅವರ ಅನುಮಾನ ಹೊರಬಂತು. ಅವರ ಅಪ್ಪ ಟೊಮೆಟೊ ತೋಟ ಮಾಡಿದವರು. ಹಣ್ಣೋ ಕಾಯೋ ಅಂತ ಯಾವಾಗಲೂ ಒತ್ತಿ ನೋಡಿಯೇ ಕೀಳುತ್ತಿದ್ದರಂತೆ. ಅದೇ ದಾರಿ. ಈ ದೋಷದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ತಾತನಿಂದ ಮಗಳಿಗೆ, ಮಗಳಿಂದ ಮೊಮ್ಮಗನಿಗೆ. ನಡುವಿನ ಮಗಳಿಗೆ ಇನ್ನೊಂದು ಎಕ್ಸ್ ಸರಿ ಇರುವುದರಿಂದ ಸಾಮಾನ್ಯವಾಗಿ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಅವರ ಪ್ರತಿ ಗಂಡುಮಗುವಿಗೂ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ಪುಟ್ಟುಗೆ ತಮ್ಮ ಇದ್ದ. ಅವನನ್ನೂ ಕರೆತನ್ನಿ ಅಂದೆ. ಅಂಕಿ ಬಾರದ ಪುಟ್ಟ ಮಕ್ಕಳಿಗಾಗಿ ಅದೇ ಪುಸ್ತಕದಲ್ಲಿ ಚುಕ್ಕಿಗಳ ನಡುವೆ ಬಳುಕುವ ಗೆರೆಗಳಿರುವ ಹಾಳೆಗಳಿವೆ, ಬ್ರಷ್ಷಿನ ತುದಿಯಲ್ಲಿ ಗೆರೆ ಹಿಂಬಾಲಿಸಿದರೆ ಸಾಕು.

ಪುಟ್ಟುವಿನ ಅಪ್ಪನ ಪ್ರಶ್ನೆ ಬೇರೆ: ಮುಂದೆ ಡಿಎಲ್ ಸಿಗುತ್ತಾ? ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಿಯಮ ಬದಲಿಸಿದೆ. ಸ್ವಲ್ಪ ಅಥವಾ ಮಧ್ಯಮ ಪ್ರಮಾಣದ ದೋಷ ಇದ್ದರೆ ಲೈಸೆನ್ಸ್ ಸಿಗುತ್ತದೆ, ತೀವ್ರವಾಗಿದ್ದರೆ ಇಲ್ಲ. ಪುಟ್ಟುವಿನದು ಎಷ್ಟು ಅಂತ ಇಶಿಹಾರ ಪುಸ್ತಕ ಖಚಿತವಾಗಿ ಹೇಳುವುದಿಲ್ಲ, ಅದಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ಬೇರೆ ಉಪಕರಣದ ಪರೀಕ್ಷೆ ಬೇಕು. ರೈಲು ಓಡಿಸುವ ಆಸೆ ಇದ್ದರೆ ಈಗಲೇ ಬಿಡಿಸಿ, ಅಲ್ಲಿ ಅವಕಾಶ ಇಲ್ಲ.

ಒಂದಕ್ಕೆ ಮಾತ್ರ ನಾನು ಬೇಡ ಅಂದೆ. ರಾತ್ರಿ ಹೊತ್ತು ಹಲವು ಕಡೆ ಸಿಗ್ನಲ್ ನಿಲ್ಲಿಸಿ ಒಂದೇ ದೀಪ ಮಿಣುಕಲು ಬಿಡುತ್ತಾರೆ. ಕತ್ತಲಲ್ಲಿ ಕಂಬವೂ ಕಾಣದು, ಮೇಲಿನದೋ ನಡುವಿನದೋ ತಿಳಿಯದು. ಅದು ಹಳದಿಯೋ ಕೆಂಪೋ ಅಂತ ಪುಟ್ಟುಗೆ ಗೊತ್ತಾಗುವ ದಾರಿಯೇ ಇಲ್ಲ, ಅದರ ಹಿಂದೆ ಹಳದಿ ಬೀದಿದೀಪ ಇದ್ದರೆ ಅದೂ ಅದೇ ಬಣ್ಣ. ಕತ್ತಲಾದ ಮೇಲೆ ಆ ಸರ್ಕಲ್ ಅವನು ಒಬ್ಬನೇ ದಾಟುವುದು ಬೇಡ. ಟ್ಯೂಷನ್ ಸಮಯ ಒಂದು ಗಂಟೆ ಮುಂಚೆ ಮಾಡಿಸಿಕೊಂಡರು.