ಟ್ರಾನ್ಸ್‌ಡರ್ಮಲ್ ಪ್ಯಾಚ್: ಬಿಸಿ ತಾಗಿಸಬಾರದ ಔಷಧಿ ಪಟ್ಟಿ

ಮೆಡಿಕಲ್ ಶಾಪಿನಲ್ಲಿ ‘ನೋವಿನ ಪ್ಯಾಚ್’ ಅಂತ ಸಿಗುವುದೆಲ್ಲ ಒಂದೇ ಜಾತಿಯಲ್ಲ. ಬೆನ್ನು ಹಿಡಿದಾಗ ಹಚ್ಚುವ ಖಾರದ ಪ್ಲಾಸ್ಟರ್ ಅಂಟಿಸಿದ ಜಾಗದಲ್ಲೇ ಕೆಲಸ ಮಾಡುತ್ತದೆ. ಟ್ರಾನ್ಸ್‌ಡರ್ಮಲ್ ಪ್ಯಾಚ್ ಹಾಗಲ್ಲ. ಅದರಲ್ಲಿರುವ ಔಷಧಿ ಚರ್ಮದ ಮೂಲಕ ನಿಧಾನವಾಗಿ ರಕ್ತಕ್ಕೆ ಸೇರಿ ಇಡೀ ಮೈಗೆ ಹೋಗುತ್ತದೆ. ಹಾಗಾಗಿ ಸೊಂಟದ ನೋವಿಗೂ ಅದನ್ನು ಎದೆಯ ಮೇಲೆ ಅಂಟಿಸುತ್ತಾರೆ. ನೋವಿರುವ ಕಡೆಗೇ ಹಾಕಬೇಕು ಅಂತ ಮನೆಯವರು ಹಟ ಹಿಡಿಯುವುದುಂಟು. ಅದರಿಂದ ಏನೂ ಲಾಭವಿಲ್ಲ.

ಸಿಗರೇಟ್ ಬಿಡುವವರು ಹಾಕುವ ನಿಕೋಟಿನ್ ಪ್ಯಾಚ್, ಕ್ಯಾನ್ಸರ್ ನೋವಿಗೆ ಕೊಡುವ ಫೆಂಟನಿಲ್ ಮತ್ತು ಬುಪ್ರೆನಾರ್ಫಿನ್ ಪ್ಯಾಚ್, ಇವೆಲ್ಲ ಈ ಗುಂಪಿನವು. ಹೆಚ್ಚು ಜಾಗ್ರತೆ ಬೇಕಾದದ್ದು ಫೆಂಟನಿಲ್‌ಗೆ. ಅದು ಮಾರ್ಫಿನ್‌ಗಿಂತ ಎಷ್ಟೋ ಪಟ್ಟು ಬಲವಾದದ್ದು. ಮಾರ್ಫಿನ್‌ನಂತಹ ಔಷಧಿ ದೇಹಕ್ಕೆ ಮೊದಲೇ ಅಭ್ಯಾಸವಾದವರಿಗೆ ಮಾತ್ರ ಇದನ್ನು ಬರೆಯುತ್ತಾರೆ. ಒಬ್ಬರ ಪ್ಯಾಚನ್ನು ಇನ್ನೊಬ್ಬರು ಸುಮ್ನೆ ಹಾಕಿ ನೋಡುವ ಮಾತೇ ಇಲ್ಲ.

ಫೆಂಟನಿಲ್ ಪ್ಯಾಚ್ ಮೇಲೆ ‘ಗಂಟೆಗೆ 25 ಮೈಕ್ರೋಗ್ರಾಂ’ ಅಂತ ಬರೆದಿರುತ್ತದೆ. ಸಾಮಾನ್ಯವಾಗಿ ಅದನ್ನು 72 ಗಂಟೆಗೊಮ್ಮೆ, ಅಂದರೆ ಮೂರು ದಿನಕ್ಕೊಮ್ಮೆ ಬದಲಿಸಬೇಕು. ಔಷಧಿ ಮೊದಲು ಚರ್ಮದೊಳಗೆ ಸಂಗ್ರಹವಾಗಿ, ಅಲ್ಲಿಂದ ರಕ್ತಕ್ಕೆ ಹೋಗುತ್ತದೆ. ಅದಕ್ಕೇ ಮೊದಲ ಪ್ಯಾಚಿನ ಪೂರ್ತಿ ಪರಿಣಾಮ ಗೊತ್ತಾಗಲು 12ರಿಂದ 24 ಗಂಟೆ ಬೇಕು. ಆ ಹೊತ್ತಿಗೆ ಅಂತ ವೈದ್ಯರು ಬೇರೆ ಔಷಧಿ ಕೊಟ್ಟಿರುತ್ತಾರೆ. ‘ಇದು ಹಿಡಿಯುವುದೇ ಇಲ್ಲ’ ಅಂತ ಎರಡನೆಯದನ್ನು ಅಂಟಿಸಬೇಡಿ. ತೆಗೆದಾಗಲೂ ಹೀಗೆಯೇ. ಮಳೆ ನಿಂತ ಮೇಲೂ ಗುಡ್ಡದಲ್ಲಿ ಒರತೆ ಹರಿಯುತ್ತಲೇ ಇರುತ್ತದಲ್ಲ, ಹಾಗೆ ಪ್ಯಾಚ್ ಕಿತ್ತ ಮೇಲೂ ಚರ್ಮದಲ್ಲಿ ಉಳಿದ ಔಷಧಿ ಒಂದು ದಿನದಷ್ಟು ಹೊತ್ತು ಇಳಿಯುತ್ತಲೇ ಇರುತ್ತದೆ.

ಇನ್ನು ಬಿಸಿಯ ವಿಷಯ. ಉಡುಪಿ ಕಡೆಯ ಒಂದು ಮನೆ ಅಂದುಕೊಳ್ಳಿ. ಅಜ್ಜನಿಗೆ ಬೆನ್ನುಮೂಳೆಗೆ ಹರಡಿದ ಕ್ಯಾನ್ಸರ್. ಬೆನ್ನಿನ ಮೇಲ್ಭಾಗದಲ್ಲಿ 25ರ ಪ್ಯಾಚ್ ಇದೆ. ಎರಡನೇ ದಿನ ಬೆನ್ನು ತುಂಬಾ ನೋಯುತ್ತದೆ ಅಂತಾರೆ. ಸೊಸೆ ಪಾಪ, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಾರೆ. ಆಮೇಲೆ ಬಿಸಿನೀರಿನ ಚೀಲ ಇಟ್ಟು ಮಲಗಿಸುತ್ತಾರೆ. ಬಿಸಿಗೆ ಚರ್ಮದ ರಕ್ತನಾಳ ಅಗಲವಾಗುತ್ತದೆ, ಔಷಧಿ ಬೇಗ ಬೇಗ ಒಳಗೆ ಹೋಗುತ್ತದೆ. ಮೂರು ದಿನಕ್ಕೆ ಅಂತ ಇದ್ದದ್ದು ಕೆಲವೇ ಗಂಟೆಗಳಲ್ಲಿ ಜಾಸ್ತಿ ಇಳಿಯುತ್ತದೆ. ಸಂಜೆ ಚಹಾಕ್ಕೆ ಕರೆದರೆ ಅಜ್ಜ ಏಳುವುದಿಲ್ಲ. ‘ಅಂತೂ ನೋವು ಕಡಿಮೆಯಾಗಿ ನಿದ್ದೆ ಬಂತು’ ಅಂತ ಎಲ್ಲರಿಗೂ ಸಮಾಧಾನ. ಅಪಾಯ ಇರುವುದು ಆ ಸಮಾಧಾನದಲ್ಲೇ.

ನಿದ್ದೆಯೋ ಅಮಲೋ ಅಂತ ತಿಳಿಯಲು ಉಸಿರು ಎಣಿಸಿ. ಒಂದು ನಿಮಿಷ ಎದೆ ಏರಿಳಿಯುವುದನ್ನು ನೋಡಿ. ಸಾಮಾನ್ಯವಾಗಿ ದೊಡ್ಡವರು 12ರಿಂದ 20 ಸಲ ಉಸಿರಾಡುತ್ತಾರೆ. ಎಂಟು, ಹತ್ತಕ್ಕೆ ಇಳಿದಿದ್ದರೆ, ಉಸಿರಿನಲ್ಲಿ ಗೊರಕೆಯಂತಹ ಗಳಗಳ ಸದ್ದು ಬಂದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿದ್ದರೆ, ಅಲುಗಾಡಿಸಿದರೂ ಎಚ್ಚರವಾಗದಿದ್ದರೆ ಪ್ಯಾಚ್ ತೆಗೆದು ತಕ್ಷಣ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ಈ ಅಮಲನ್ನು ಇಳಿಸುವ ನಲೊಕ್ಸೋನ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಅದರ ಪ್ರಭಾವ ಸ್ವಲ್ಪ ಹೊತ್ತಿನದು, ಚರ್ಮದಲ್ಲಿರುವ ಫೆಂಟನಿಲ್‌ನದು ಜಾಸ್ತಿ ಹೊತ್ತಿನದು. ಎಚ್ಚರವಾದರು ಅಂತ ಕೂಡಲೇ ಮನೆಗೆ ಕರೆತರುವ ಹಾಗಿಲ್ಲ.

ಹೊರಗಿನ ಬಿಸಿ ಮಾತ್ರ ಅಲ್ಲ, ಜ್ವರವೂ ಇದೇ ಕೆಲಸ ಮಾಡುತ್ತದೆ. ಮೈ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ರಕ್ತದಲ್ಲಿ ಫೆಂಟನಿಲ್ ಮೂರನೇ ಒಂದು ಭಾಗದಷ್ಟು ಹೆಚ್ಚಬಹುದು ಅನ್ನುವುದು ಲೆಕ್ಕಾಚಾರ. ಮಲೇರಿಯಾ, ಡೆಂಗಿ ಮಂಗಳೂರಿಗೆ ಹೊಸದಲ್ಲ. ಮಳೆಗಾಲದಲ್ಲಿ ಪ್ಯಾಚ್ ಹಾಕಿದವರಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಕೂರದೆ ವೈದ್ಯರಿಗೆ ಫೋನ್ ಮಾಡಿ. ಹಂಡೆಯ ಸುಡುನೀರಿನ ಸ್ನಾನಕ್ಕೂ ಉಗುರುಬೆಚ್ಚಗೇ ಮಿತಿ.

ಪ್ರತಿ ಸಲ ಪ್ಯಾಚಿನ ಜಾಗ ಬದಲಿಸುವುದಕ್ಕೆ ಚರ್ಮದ ತುರಿಕೆ ಒಂದೇ ಕಾರಣ ಅಂದುಕೊಳ್ಳಬೇಡಿ. ಕೆಂಪಾಗಿ ಕೆರೆದುಹೋದ ಚರ್ಮ ಔಷಧಿಯನ್ನು ಜಾಸ್ತಿ ಹೀರುತ್ತದೆ. ಎಡ ಎದೆ, ಬಲ ಎದೆ, ಎಡ ತೋಳಿನ ಮೇಲ್ಭಾಗ, ಬಲ ತೋಳು ಅಂತ ಸುತ್ತು ಹಾಕಿ, ತಾರೀಕು, ಗಂಟೆ, ಜಾಗ ಮೂರನ್ನೂ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಏಳು ದಿನದ ಬುಪ್ರೆನಾರ್ಫಿನ್ ಪ್ಯಾಚಾದರೆ ಅದೇ ಜಾಗಕ್ಕೆ ಮೂರು ವಾರ ಮರಳಬಾರದು. ನಿಕೋಟಿನ್ ಪ್ಯಾಚಿಗೆ ಒಂದು ವಾರ. ಅಂಟಿಸುವ ಮುಂಚೆ ಬರೀ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಸೋಪು, ತೆಂಗಿನೆಣ್ಣೆ, ಪೌಡರ್ ಬೇಡ. ಕೂದಲಿದ್ದರೆ ಕತ್ತರಿಯಲ್ಲಿ ಕತ್ತರಿಸಿ, ಬ್ಲೇಡ್ ಹಾಕಬೇಡಿ. ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಬೆವರಿಗೆ ಅಂಚು ಬಿಡುವುದು ಸಹಜ, ಅಂಚಿಗೆ ಮಾತ್ರ ಟೇಪ್ ಹಚ್ಚಬಹುದು. ಫೆಂಟನಿಲ್ ಪ್ಯಾಚ್ ಪೂರ್ತಿ ಬಿದ್ದುಹೋದರೆ ಹೊಸದನ್ನು ಬೇರೆ ಜಾಗಕ್ಕೆ ಹಾಕಿ, 72 ಗಂಟೆಯನ್ನು ಅಲ್ಲಿಂದ ಎಣಿಸಿ. ಆದರೆ ಬಿದ್ದದ್ದು ಎಲ್ಲಿ ಅಂತ ಹುಡುಕದೆ ಬಿಡಬೇಡಿ. ಪಕ್ಕದಲ್ಲಿ ಮಲಗಿದ ಮೊಮ್ಮಗುವಿನ ಮೈಗೆ ಅದು ಅಂಟಿಕೊಂಡರೆ ಪ್ರಾಣಕ್ಕೇ ಅಪಾಯ.

ನಿಕೋಟಿನ್ ಪ್ಯಾಚ್ ಇಷ್ಟು ಭಯದ್ದಲ್ಲ. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸಿಗರೇಟ್ ಸೇದುತ್ತಿದ್ದವರು ಸಾಮಾನ್ಯವಾಗಿ 21 ಮಿಲಿಗ್ರಾಂನಿಂದ ಶುರು ಮಾಡಿ, ವಾರಗಳ ಲೆಕ್ಕದಲ್ಲಿ 14ಕ್ಕೆ, 7ಕ್ಕೆ ಇಳಿಯುತ್ತಾರೆ. ಬೀಡಿ ಸೇದುವವರು ಲೆಕ್ಕವನ್ನು ವೈದ್ಯರ ಹತ್ತಿರ ಕೇಳುವುದು ಒಳ್ಳೆಯದು. ರಾತ್ರಿ ವಿಚಿತ್ರ ಕನಸು ಬಿದ್ದರೆ ಮಲಗುವಾಗ ತೆಗೆದುಬಿಡಬಹುದು. ಇದಕ್ಕೂ ಬಿಸಿಚೀಲ ತಾಗಿಸಬಾರದು. ಅಂಗಡಿಯಲ್ಲಿ ಸಿಗುವ ಸಾಮಾನು ಅಂತ ಬಳಸಿದ ಮೇಲೆ ಎಲ್ಲೆಂದರಲ್ಲಿ ಎಸೆಯುವುದೂ ತಪ್ಪು. ಉಳಿದ ನಿಕೋಟಿನ್ ಮಗುವಿಗೆ ವಿಷ.

ಮೂರು ದಿನ ಮುಗಿದ ಫೆಂಟನಿಲ್ ಪ್ಯಾಚಿನಲ್ಲಂತೂ ಅರ್ಧಕ್ಕಿಂತ ಹೆಚ್ಚು ಔಷಧಿ ಉಳಿದಿರಬಹುದು. ಕಿತ್ತ ಕೂಡಲೇ ಅಂಟಿನ ಬದಿಗೆ ಅಂಟಿನ ಬದಿ ಸೇರುವಂತೆ ಮಡಚಿ ಒತ್ತಿ, ಕೈಯನ್ನು ಬರೀ ನೀರಿನಲ್ಲಿ ತೊಳೆಯಿರಿ. ತೆಂಗಿನ ಬುಡ, ಗೊಬ್ಬರಗುಂಡಿ, ಬಚ್ಚಲ ಒಲೆ, ಹಿತ್ತಲಿನ ಕಸದ ಬೆಂಕಿ ಯಾವುದೂ ಬೇಡ. ನಾಯಿ ಎಳೆಯುತ್ತದೆ, ಮಕ್ಕಳು ಹೆಕ್ಕುತ್ತಾರೆ. ಆಸ್ಪತ್ರೆಗೆ ಹಿಂದಿರುಗಿಸುವ ವ್ಯವಸ್ಥೆ ಇದ್ದರೆ ಅದೇ ಮೊದಲ ಆಯ್ಕೆ. ಮಡಚಿದ್ದನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಬೀಗದ ಕಪಾಟಿನಲ್ಲಿಟ್ಟು ಮುಂದಿನ ಭೇಟಿಗೆ ಒಯ್ಯಿರಿ. ಅದು ಆಗದಿದ್ದರೆ ಮಡಚಿ ಟಾಯ್ಲೆಟ್‌ನಲ್ಲಿ ಫ್ಲಶ್ ಮಾಡಬೇಕು. ಅಮೆರಿಕದ ಔಷಧ ಇಲಾಖೆಯ ಫ್ಲಶ್ ಪಟ್ಟಿಯಲ್ಲಿ ಫೆಂಟನಿಲ್ ಇದೆ, 2025ರಲ್ಲಿ ನಮ್ಮ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಕೊಟ್ಟ ಪಟ್ಟಿಯಲ್ಲೂ ಇದೆ. ಬೇರೆ ಮಾತ್ರೆಗಳನ್ನು ಹೀಗೆ ನೀರಿಗೆ ಬಿಡಬಾರದು, ಇದು ವಿನಾಯಿತಿ. ಬಾವಿಯ ಪಕ್ಕದಲ್ಲೇ ಶೌಚದ ಗುಂಡಿ ಇರುವ ಮನೆಯವರಿಗೆ ಈ ಮಾತು ಕಸಿವಿಸಿ ತರಬಹುದು. ಅಂಥವರಿಗೆ ಆಸ್ಪತ್ರೆಯ ದಾರಿಯೇ ಸರಿ.

ರೋಗಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿಯುವ ಹೊಸ ಪ್ಯಾಚುಗಳೂ ಇರುತ್ತವೆ. ದುಬಾರಿ ಔಷಧಿ, ಯಾರಿಗಾದರೂ ಆಗಲಿ ಅಂತ ಕೊಡಲು ಮನಸ್ಸಾಗುತ್ತದೆ. ಫೆಂಟನಿಲ್ ಮಾದಕ ವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ಹಾಗೆ ಕೈ ಬದಲಿಸುವಂತಿಲ್ಲ. ಪ್ಯಾಚ್ ಬರೆದುಕೊಟ್ಟ ಆಸ್ಪತ್ರೆಯ ಪ್ಯಾಲಿಯೇಟಿವ್, ಅಂದರೆ ನೋವು ಶಮನದ ವಿಭಾಗಕ್ಕೆ ಫೋನ್ ಮಾಡಿ, ಪೊಟ್ಟಣ ಒಡೆಯದೆ ಅಲ್ಲಿಗೇ ಮರಳಿಸಿ.