ಒಂದೇ ಹೆಸರಿನ ಎರಡು ವೈಫೈ: ಅಸಲಿ ಯಾವುದು?

ಪ್ರಶ್ನೆ: ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧ ರೈಲಿಗೆ ಕಾಯುತ್ತಿದ್ದಾಗ ಫೋನಿನಲ್ಲಿ RailWire ಮತ್ತು RailWire_Free ಎಂಬ ಎರಡು ವೈಫೈಗಳು ಕಂಡವು. ಸಿಗ್ನಲ್ ಚೆನ್ನಾಗಿದ್ದ ಎರಡನೆಯದನ್ನು ಒತ್ತಿದೆ. ಅದು ಜೀಮೇಲ್ ಪಾಸ್‌ವರ್ಡ್ ಕೇಳಿತು. ಕೊಡದೆ ಬಿಟ್ಟೆ. ಅಸಲಿಯನ್ನು ಗುರುತಿಸುವುದು ಹೇಗೆ?
— ಡೊಂಬಿವಲಿಯ ಓದುಗರು

ಉತ್ತರ: ಕೊಡದೆ ಬಿಟ್ಟದ್ದು ಒಳ್ಳೆಯದಾಯಿತು. ವೈಫೈ ಹೆಸರನ್ನು ಯಾರೂ ಪರಿಶೀಲಿಸುವುದಿಲ್ಲ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಹೆಸರನ್ನು RailWire ಎಂದು ಬದಲಿಸಿದರೆ, ಪಕ್ಕದ ಬೆಂಚಿನವರಿಗೆ ಅಕ್ಷರವೂ ತಪ್ಪದೆ ಅದೇ ಕಾಣುತ್ತದೆ. ಆದ್ದರಿಂದ ಬಾಲವಿಲ್ಲದ ಹೆಸರೇ ಅಸಲಿ ಎನ್ನಲಾಗದು. ಸಿಗ್ನಲ್ ಬಲವಾಗಿದ್ದರೆ ಆ ಉಪಕರಣ ಹತ್ತಿರದಲ್ಲಿದೆ ಎಂದಷ್ಟೇ ಅರ್ಥ, ಅದು ಪಕ್ಕದವರ ಚೀಲದಲ್ಲೂ ಇರಬಹುದು.

ಹೆಸರಿಗಿಂತ, ಅದು ಏನು ಕೇಳುತ್ತದೆ ಎಂಬುದನ್ನು ನೋಡಬೇಕು. 2016ರಲ್ಲಿ ಮುಂಬಯಿ ಸೆಂಟ್ರಲ್‌ನಿಂದ ಆರಂಭವಾದ ರೈಲು ನಿಲ್ದಾಣಗಳ ವೈಫೈ ಮೊಬೈಲ್ ನಂಬರ್ ಪಡೆದು ಒಟಿಪಿ ಕಳುಹಿಸುತ್ತದೆ. ನಿಮ್ಮ ಮೇಲ್ ಅಥವಾ ಬ್ಯಾಂಕಿನ ಪಾಸ್‌ವರ್ಡ್ ಅದಕ್ಕೆ ಯಾವ ಕೆಲಸಕ್ಕೂ ಬೇಕಿಲ್ಲ. ಬಂದ ಒಟಿಪಿಯ ಸಂದೇಶವನ್ನೂ ಪೂರ್ತಿ ಓದಿ: ಅದರಲ್ಲಿ ವೈಫೈ ಬದಲು ಗೂಗಲ್ ಅಥವಾ ವಾಟ್ಸಾಪ್ ಎಂದಿದ್ದರೆ, ನಿಮ್ಮ ನಂಬರಿನಿಂದ ಬೇರೆ ಯಾರೋ ಆ ಖಾತೆಗೆ ನುಗ್ಗುತ್ತಿದ್ದಾರೆ ಎಂದು ತಿಳಿಯಿರಿ.

ಕಳ್ಳನು ಪಾಸ್‌ವರ್ಡ್ ಕೇಳುವ ಇಂಥ ಪುಟವನ್ನೇ ಏಕೆ ಕಟ್ಟುತ್ತಾನೆ? ಈಗ ಬಹುತೇಕ ತಾಣಗಳು `https` ಬಳಸುವುದರಿಂದ, ನೀವು ನಿಜವಾದ ಜೀಮೇಲಿನಲ್ಲಿ ಬರೆಯುವುದನ್ನು ವೈಫೈ ನಡೆಸುವವನು ಓದಲಾರ. ಯಾವ ತಾಣಕ್ಕೆ ಹೋದಿರಿ ಎಂಬುದು ಮಾತ್ರ ಸಾಮಾನ್ಯವಾಗಿ ಅವನಿಗೆ ತಿಳಿಯುತ್ತದೆ. ಹೀಗಾಗಿ ಪಾಸ್‌ವರ್ಡನ್ನು ನಿಮ್ಮ ಕೈಯಿಂದಲೇ ಬರೆಸಿಕೊಳ್ಳಬೇಕಾಗುತ್ತದೆ. ಬೀಗದ ಚಿಹ್ನೆ ಇದ್ದರೂ ನೆಮ್ಮದಿ ಬೇಡ, ಏಕೆಂದರೆ ಕಳ್ಳನ ತಾಣಕ್ಕೂ ಬೀಗ ಸಿಗುತ್ತದೆ. ನಿಮ್ಮನ್ನು ನಕಲಿ ಜೀಮೇಲಿಗೆ ತಿರುಗಿಸಿ, ವಿಳಾಸ ಮಾತ್ರ ಸರಿಯಾಗಿ ಕಾಣುವಂತೆ ಮಾಡಲು ಅವನು ಹೊರಟರೆ, ಬ್ರೌಸರ್ "Your connection is not private" ಎಂದು ತಡೆಯುತ್ತದೆ. ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವುದೇ ದೊಡ್ಡ ತಪ್ಪು.

ಹೋಟೆಲಿನಲ್ಲಿ ಪಾಸ್‌ವರ್ಡ್ ಇರುವ ವೈಫೈ ಸುರಕ್ಷಿತ ಎಂದು ಕೆಲವರು ನಂಬುತ್ತಾರೆ. ಗಲ್ಲಾದ ಹಿಂದಿನ ಗೋಡೆಯ ಮೇಲೆ ಅಂಟಿಸಿದ ಪಾಸ್‌ವರ್ಡ್ ನಕಲಿ ಮಾಡುವವನಿಗೂ ಕಾಣುತ್ತದೆ.

ಒಮ್ಮೆ ಸೇರಿದ ತೆರೆದ ವೈಫೈ ಹೆಸರನ್ನು ಫೋನ್ ನೆನಪಿಟ್ಟುಕೊಂಡು, ಬೇರೆಡೆ ಅದೇ ಹೆಸರು ಕಂಡರೂ ಕೇಳದೆ ಸೇರಿಕೊಳ್ಳಬಹುದು. ಆದ್ದರಿಂದ ಸೆಟ್ಟಿಂಗಿನಲ್ಲಿ RailWire_Free ಹೆಸರನ್ನು ಇಂದೇ ಅಳಿಸಿಬಿಡಿ. ಪಾಸ್‌ವರ್ಡ್ ಕೊಟ್ಟಿದ್ದವರು ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದನ್ನು ಬದಲಿಸಿ, ಗೂಗಲ್ ಖಾತೆಯ ಸಾಧನಗಳ ಪಟ್ಟಿಯಲ್ಲಿ ಪರಿಚಯವಿಲ್ಲದ್ದನ್ನೆಲ್ಲ ಸೈನ್ ಔಟ್ ಮಾಡಬೇಕು.